ತಿನ್ನಿ, ತಿನ್ನಬೇಡಿ ಮತ್ತು ವೈದ್ಯರನ್ನು ಕೇಳಿ

ಬಸುರಿಯರ ಆಹಾರದ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಕರಪತ್ರಗಳಲ್ಲಿ ಮೀನಿನ ಮೇಲೆ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಸಾಲಿನ ಒಂದು ಮೂಲ ಅಮೆರಿಕದಲ್ಲಿದೆ. ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯೂ ಪರಿಸರ ಸಂರಕ್ಷಣಾ ಸಂಸ್ಥೆಯೂ ಸೇರಿ 2004ರಲ್ಲಿ ಹೊರಡಿಸಿದ ಸಲಹೆಯಲ್ಲಿ, ಬಸುರಿಯರು ನಾಲ್ಕು ಮೀನುಗಳನ್ನು ಮುಟ್ಟಬಾರದು ಎಂದಿತ್ತು: ಶಾರ್ಕ್, ಸ್ವೋರ್ಡ್‌ಫಿಶ್, ಟೈಲ್‌ಫಿಶ್ ಮತ್ತು ಕಿಂಗ್ ಮ್ಯಾಕೆರೆಲ್. ನಮ್ಮಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಈ ಸಾಲು ಎಷ್ಟೋ ಕೈ ದಾಟಿರುತ್ತದೆ. ನನ್ನ ಬಳಿ ತಿದ್ದುಪಡಿಗೆ ಬಂದಿದ್ದ ಒಂದು ಕನ್ನಡ ಕರಡಿನಲ್ಲಿ ಅದು ಹೀಗೆ ಇಳಿದಿತ್ತು: "ಗರ್ಭಿಣಿಯರು ಬಂಗುಡೆ ಮುಂತಾದ ಪಾದರಸಯುಕ್ತ ಮೀನುಗಳನ್ನು ಸೇವಿಸಬಾರದು."

ಅನುವಾದಕರು ನಿಘಂಟಿಗೆ ಮೋಸ ಮಾಡಿರಲಿಲ್ಲ. ಮ್ಯಾಕೆರೆಲ್ ಎಂದರೆ ಬಂಗುಡೆ ಎಂದೇ ಎಲ್ಲ ಕಡೆ ಬರೆದಿರುತ್ತದೆ, ಕರಾವಳಿಯ ಹೋಟೆಲುಗಳ ಮೆನು ಕಾರ್ಡಿನಲ್ಲೂ ಹಾಗೇ ಇದೆ. ಆದರೆ ಕಿಂಗ್ ಮ್ಯಾಕೆರೆಲ್ ಅಟ್ಲಾಂಟಿಕ್ ಸಾಗರದ ಮೀನು. ಮೀಟರ್ ಉದ್ದಕ್ಕೂ ಮೀರಿ ಬೆಳೆಯುತ್ತದೆ, ಬೇರೆ ಮೀನುಗಳನ್ನು ಬೇಟೆಯಾಡಿ ತಿನ್ನುತ್ತದೆ. ನಮ್ಮ ಬಂಗುಡೆ ಗೇಣುದ್ದದ ಮೀನು. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿಂದುಕೊಂಡು ಕೆಲವೇ ವರ್ಷ ಬದುಕುತ್ತದೆ. ಪಾದರಸದ ಲೆಕ್ಕದಲ್ಲಿ ಈ ವ್ಯತ್ಯಾಸವೇ ಎಲ್ಲ. ಸಮುದ್ರಕ್ಕೆ ಸೇರಿದ ಪಾದರಸವನ್ನು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಸೂಕ್ಷ್ಮ ಜೀವಿಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಪ್ರತಿ ಮೆಟ್ಟಿಲಿನಲ್ಲೂ ಹೆಚ್ಚು ಸಾಂದ್ರವಾಗುತ್ತದೆ. ಬಹಳ ವರ್ಷ ಬದುಕಿ ಬಹಳ ಮೀನು ತಿಂದ ದೊಡ್ಡ ಮೀನಿನ ಮಾಂಸದಲ್ಲಿ ಅದು ಗಟ್ಟಿಯಾಗಿ ಕೂತಿರುತ್ತದೆ. ಬಸುರಿಯ ಹೊಟ್ಟೆ ಸೇರಿದರೆ ಮಗುವಿನ ಬೆಳೆಯುತ್ತಿರುವ ಮೆದುಳಿಗೆ ತೊಂದರೆ. ಆದ್ದರಿಂದ ಎಚ್ಚರಿಕೆ ಸರಿಯಾದದ್ದೇ, ಅದು ಬಂದು ಎರಗಿದ್ದು ಮಾತ್ರ ತಪ್ಪು ಮೀನಿನ ಮೇಲೆ.

ಮಲ್ಪೆಯಲ್ಲೋ ಅಂಕೋಲದಲ್ಲೋ ಇರುವ ಒಂದು ಮನೆಯಲ್ಲಿ ಈ ಸಾಲು ಏನು ಮಾಡೀತು ಎಂದು ಯೋಚಿಸಿ. ಬಂಗುಡೆ ಮತ್ತು ಭೂತಾಯಿ ಅಲ್ಲಿನ ಬಡವರ ಮೀನು. ಪ್ರೊಟೀನು, ಮಗುವಿನ ಮೆದುಳಿಗೂ ಕಣ್ಣಿಗೂ ಬೇಕಾದ ಒಮೇಗಾ-3 ಕೊಬ್ಬು, ಬಿ12 ಇವೆಲ್ಲ ಅಷ್ಟು ಕಡಿಮೆ ದುಡ್ಡಿಗೆ ಸಿಗುವ ಬೇರೆ ಪದಾರ್ಥ ಅವರ ಅಡುಗೆಮನೆಯಲ್ಲಿ ಇಲ್ಲ. ಅಮೆರಿಕದ ಅದೇ ಇಲಾಖೆಗಳು ಸಾರ್ಡೀನ್ ಜಾತಿಯ ಸಣ್ಣ ಮೀನುಗಳನ್ನು ವಾರಕ್ಕೆ ಎರಡು-ಮೂರು ಊಟದಲ್ಲಿ ತಿನ್ನಿ ಎಂದು ಬಸುರಿಯರಿಗೆ ಹೇಳುತ್ತವೆ. ನಮ್ಮ ಕರಡು ಮೂಲ ಹೇಳಿದ್ದಕ್ಕೆ ತದ್ವಿರುದ್ಧವಾದದ್ದನ್ನು ಮೂಲದ ಹೆಸರಿನಲ್ಲೇ ಹೇಳುತ್ತಿತ್ತು.

ಇದನ್ನು ಹಿಡಿಯಲು ಒಂದು ಪರೀಕ್ಷೆ ಇತ್ತಲ್ಲ ಎನ್ನಬಹುದು. ಆರೋಗ್ಯದ ಬರಹಗಳ ಅನುವಾದದಲ್ಲಿ ಮರುಅನುವಾದ ಎಂಬ ಪದ್ಧತಿ ಇದೆ. ಮೂಲವನ್ನು ನೋಡದ ಮತ್ತೊಬ್ಬರಿಗೆ ಕನ್ನಡ ಪಠ್ಯವನ್ನು ಕೊಟ್ಟು ಇಂಗ್ಲಿಷಿಗೆ ತಿರುಗಿಸಿ, ಎರಡು ಇಂಗ್ಲಿಷುಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಬಂಗುಡೆ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ವಾಪಸು ಬರುವ ಪದವೂ ಮ್ಯಾಕೆರೆಲ್ಲೇ. ಹೋಗುವಾಗ ಕಳೆದುಹೋದ 'ಕಿಂಗ್' ಒಂದು ವಿಶೇಷಣ ತಾನೇ ಎಂದು ನೋಡುವವರು ಸುಮ್ಮನಾಗುತ್ತಾರೆ. ಈ ತಪ್ಪನ್ನು ಭಾಷೆ ಬಲ್ಲವರು ಹಿಡಿಯಲಾರರು, ಮೀನು ಮಾರುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಸರಿಯಾದ ಸಾಲು ಹೀಗಿರಬೇಕಿತ್ತು: ಬಂಗುಡೆ, ಭೂತಾಯಿಯಂಥ ಸಣ್ಣ ಮೀನು ವಾರಕ್ಕೆ ಎರಡು-ಮೂರು ಸಲ ತಿನ್ನಿ, ಅಂಜಲ್‌ನಂಥ ದೊಡ್ಡ ಮೀನಾದರೆ ವಾರಕ್ಕೊಮ್ಮೆ ಸಾಕು, ಮೋರಿ, ತಾಟೆ ಎಂದೆಲ್ಲ ಕರೆಯುವ ಶಾರ್ಕ್ ಬೇಡ.

ಅನುವಾದಕರ ಪರವಾಗಿ ಒಂದು ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವೈದ್ಯಕೀಯ ಸಲಹೆಯನ್ನು ಬದಲಿಸುವ ಅಧಿಕಾರ ಅನುವಾದಕರಿಗೆ ಇಲ್ಲ. ಇವತ್ತು ಮೀನು ಬದಲಿಸಿದವರು ನಾಳೆ ಮಾತ್ರೆಯ ಪ್ರಮಾಣವನ್ನೂ ಬದಲಿಸಿಯಾರು ಎಂಬುದು ಆ ವಾದ. ಒಪ್ಪುತ್ತೇನೆ. ಅನುವಾದಕರು ಬಾಯಿ ಮುಚ್ಚಿಕೊಂಡು ಬರೆಯಬೇಕು ಎಂಬ ತೀರ್ಮಾನ ಮಾತ್ರ ಇದರಿಂದ ಹೊರಡುವುದಿಲ್ಲ. ಅವರು ಕರಡಿನ ಜೊತೆ ಒಂದು ಪ್ರಶ್ನೆಪಟ್ಟಿ ಕೊಡಬೇಕು: ಈ ಮೀನು ಇಲ್ಲಿ ಸಿಗುವುದಿಲ್ಲ, ಎಚ್ಚರಿಕೆಯ ಕಾರಣವೇನು, ಆ ಕಾರಣಕ್ಕೆ ಇಲ್ಲಿ ಹೊಂದುವ ಪದಾರ್ಥ ಯಾವುದು? ಉತ್ತರ ಹೇಳುವ ಕೆಲಸ ಹೆರಿಗೆ ವೈದ್ಯರದು ಮತ್ತು ಆಹಾರ ತಜ್ಞರದು. ಪ್ರಶ್ನೆ ಎತ್ತುವ ಕೆಲಸವನ್ನಂತೂ ಪ್ರತಿ ಸಾಲನ್ನೂ ಎರಡು ಭಾಷೆಯಲ್ಲಿ ಎದುರಿಸಿದವರೇ ಮಾಡಬೇಕು, ಬೇರೆ ಯಾರ ಕಣ್ಣಿಗೂ ಅದು ಬೀಳುವುದಿಲ್ಲ.

ಕಾರಣವನ್ನು ಹಿಡಿದು ಹೊರಟರೆ ಕರಪತ್ರದ ಅರ್ಧ ತಾನಾಗಿಯೇ ಬೇರೆ ರೂಪ ತಾಳುತ್ತದೆ. ಬ್ರಿಟನ್ನಿನ ಕರಪತ್ರವೊಂದು ಮೆದು ಚೀಸುಗಳನ್ನೂ ತಣ್ಣನೆಯ ಮಾಂಸದ ಪೇಸ್ಟನ್ನೂ ಬೇಡವೆನ್ನುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಣ್ಪಿನಲ್ಲೂ ಬೆಳೆಯಬಲ್ಲದು, ಬಸುರಿಗೆ ತಗುಲಿದರೆ ಗರ್ಭಪಾತವಾಗುವ ಅಪಾಯವಿದೆ ಎಂಬುದು ಕಾರಣ. ಲಂಡನ್ನಿನಲ್ಲಿರುವ ಕನ್ನಡದ ಹೆಣ್ಣುಮಗಳಿಗೆ ಆ ಚೀಸಿನ ಹೆಸರುಗಳು ಬೇಕೇ ಬೇಕು, ಅವಳ ಅಂಗಡಿಯಲ್ಲಿ ಅವು ಸಾಲಾಗಿ ಕೂತಿರುತ್ತವೆ. ಸಿಂದಗಿಯಲ್ಲಿರುವವಳಿಗೆ ಅವು ಬರೀ ಸದ್ದು. ಅಲ್ಲಿ ಅದೇ ಎಚ್ಚರಿಕೆ ಕಾಯಿಸದ ಹಾಲಿನ ಬಗ್ಗೆ ಇರಬೇಕು. ಮನೆಯ ಹಸುವಿನ ಹಾಲನ್ನು ನೊರೆಯೊಡನೆ ಕುಡಿದರೆ ಶಕ್ತಿ ಬರುತ್ತದೆಂದು ಬಸುರಿಗೆ ಕೊಡುವ ಮನೆಗಳಿವೆ. ಹಸಿ ಹಾಲಿನಿಂದ ಲಿಸ್ಟೀರಿಯಾ ಬರಬಹುದು, ದನಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲಾ ರೋಗವೂ ಬರಬಹುದು. "ಪಾಶ್ಚರೀಕರಿಸದ ಹಾಲನ್ನು ವರ್ಜಿಸಿ" ಎಂದು ಬರೆದರೆ ಇದು ಯಾರಿಗೂ ತಲುಪುವುದಿಲ್ಲ. "ಹಾಲನ್ನು ಉಕ್ಕಿ ಬರುವ ತನಕ ಕಾಯಿಸಿಯೇ ಕುಡಿಯಿರಿ, ಮನೆಯ ಹಸುವಿನದಾದರೂ ಸರಿ" ಎಂದರೆ ತಲುಪುತ್ತದೆ.

ವಿದೇಶದ ಕರಪತ್ರಗಳಲ್ಲಿ ಎದ್ದು ಕಾಣದ, ನಮ್ಮಲ್ಲಿ ಎದ್ದು ಕಾಣಬೇಕಾದ ಅಪಾಯ ನೀರಿನದು. ಹೆಪಟೈಟಿಸ್ ಇ ಎಂಬ ಕಾಮಾಲೆ ಕೊಳಕು ನೀರಿನಿಂದ ಹರಡುತ್ತದೆ. ಬೇರೆಯವರಿಗೆ ಬಂದು ವಾಸಿಯಾಗಿ ಹೋಗುವ ಈ ಕಾಯಿಲೆ ಬಸುರಿಯರ ಮಟ್ಟಿಗೆ ಭೀಕರ. ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರಕ್ಕೆ 20ರಿಂದ 25 ಮಂದಿ ಸಾಯುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಪಾನಿಪುರಿಯ ನೀರು, ರಸ್ತೆ ಬದಿಯ ಐಸು ಹಾಕಿದ ಕಬ್ಬಿನ ಹಾಲು, ಹೆಚ್ಚಿಟ್ಟ ಹಣ್ಣು ಇವು ಬೇಡ ಎನ್ನುವಾಗ ಕಾರಣವನ್ನೂ ಹೇಳಬೇಕು. ಹೊರಗಿನ ತಿಂಡಿ ಬೇಡ ಎಂದು ಅತ್ತೆ ಹೇಗೂ ದಿನಾ ಹೇಳುತ್ತಿರುತ್ತಾರೆ. ಕರಪತ್ರವೂ ಅಷ್ಟೇ ಹೇಳಿದರೆ ಅದೂ ಆ ಗೊಣಗಾಟಕ್ಕೆ ಸೇರಿಹೋಗುತ್ತದೆ. ಬಿಸಿಬಿಸಿ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿಯಿಂದ ಎದೆಯುರಿ ಬಂದೀತೇ ಹೊರತು ಕಾಮಾಲೆ ಬರುವುದಿಲ್ಲ. ಈ ವ್ಯತ್ಯಾಸ ತಿಳಿದವಳು ಬಯಕೆಯನ್ನೂ ತೀರಿಸಿಕೊಳ್ಳುತ್ತಾಳೆ, ಅಪಾಯದಿಂದಲೂ ದೂರ ಇರುತ್ತಾಳೆ.

ಹೀಗೆ ನೋಡುತ್ತಾ ಹೋದರೆ ಕರಪತ್ರದ ರೂಢಿಯ ಎರಡು ಅಂಕಣಗಳು, ಅಂದರೆ ಹಸಿರು ಬಣ್ಣದ 'ತಿನ್ನಿ', ಕೆಂಪು ಬಣ್ಣದ 'ತಿನ್ನಬೇಡಿ', ಸಾಲುವುದಿಲ್ಲ ಎಂಬುದು ಗೊತ್ತಾಗುತ್ತದೆ. ಹಾಲು ಯಾವ ಅಂಕಣದ್ದು? ಕಾಯಿಸಿದರೆ ಹಸಿರು, ಕಾಯಿಸದಿದ್ದರೆ ಕೆಂಪು. ಮೊಟ್ಟೆ? ಗಟ್ಟಿಯಾಗಿ ಬೇಯಿಸಿದ್ದು ದಿನಕ್ಕೊಂದು ಬೇಕು, ಬಾಣಲೆಯಲ್ಲಿ ಅರೆಬೆಂದದ್ದು ಬೇಡ. ಹೆಚ್ಚಿನ ಪದಾರ್ಥಗಳು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ; ಹೇಗೆ, ಎಷ್ಟು, ಯಾವಾಗ ಎಂಬುದರ ಮೇಲೆ ನಿಂತಿವೆ. ಆದ್ದರಿಂದ ನಾಲ್ಕು ಗುಂಪು ಮಾಡುವುದು ವಾಸಿ: ಹೆದರದೆ ತಿನ್ನಿ, ಹೀಗೆ ಮಾಡಿ ತಿನ್ನಿ, ಬೇಡ, ಮೊದಲು ಕೇಳಿ. ಮೂರನೆಯದು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಮದ್ಯ, ಹೊಗೆಸೊಪ್ಪು, ಕಡ್ಡಿಪುಡಿ, ಹಸಿ ಹಾಲು, ಅರೆಬೆಂದ ಮಾಂಸ, ಶಾರ್ಕ್, ನಂಬಿಕೆಯಿಲ್ಲದ ನೀರು: ಹೆಚ್ಚುಕಡಿಮೆ ಅಷ್ಟೇ. (ಮೂಲದಲ್ಲಿ 'ಧೂಮಪಾನ ಬೇಡ' ಎಂದಿರುತ್ತದೆ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹೆಂಗಸು ಅದನ್ನು ಓದಿ, ನಾನೇನು ಬೀಡಿ ಸೇದುತ್ತೇನೆಯೇ ಎಂದು ಮುಂದಿನ ಸಾಲಿಗೆ ಹೋಗುತ್ತಾಳೆ.)

ಮೊದಲನೆಯ ಗುಂಪಿಗೆ 'ಹೆದರದೆ' ಎಂಬ ಹೆಸರಿಟ್ಟಿದ್ದಕ್ಕೆ ಕಾರಣವಿದೆ. ಕರಪತ್ರ ಕೈಗೆ ಬರುವ ಮೊದಲೇ ಓದುವವಳ ತಲೆಯಲ್ಲಿ ಒಂದು ಪಟ್ಟಿ ಇದೆ. ಉಷ್ಣ ಮತ್ತು ತಂಪು ಎಂದು ಅದರಲ್ಲೂ ಎರಡು ಅಂಕಣ. ಪರಂಗಿ, ಅನಾನಸು, ಎಳ್ಳು, ನುಗ್ಗೆಸೊಪ್ಪು, ಹುರುಳಿ, ಮೊಟ್ಟೆ ಎಲ್ಲವೂ ಉಷ್ಣ. ಜಿಲ್ಲೆಯಿಂದ ಜಿಲ್ಲೆಗೆ ಪಟ್ಟಿ ಬದಲಾಗುತ್ತದೆ, ಬೇಡವೆನ್ನುವ ಧ್ವನಿ ಮಾತ್ರ ಒಂದೇ. ಇಂಗ್ಲಿಷ್ ಮೂಲಕ್ಕೆ ಈ ಪಟ್ಟಿಯ ಸುಳಿವೇ ಇಲ್ಲದ್ದರಿಂದ ಅದು ಏನನ್ನೂ ಹೇಳುವುದಿಲ್ಲ. ಅದು ಸುಮ್ಮನಿದ್ದರೆ ಮನೆಯ ಪಟ್ಟಿಯೇ ಗೆಲ್ಲುತ್ತದೆ. ಅದರ ಮೇಲೆ ನಮ್ಮ ಕೆಂಪು ಅಂಕಣವನ್ನೂ ಸೇರಿಸಿದರೆ ಬಸುರಿಯ ತಟ್ಟೆಯಲ್ಲಿ ಅನ್ನ, ತಿಳಿಸಾರು ಉಳಿಯುತ್ತದೆ.

ಪರಂಗಿಯನ್ನೇ ತೆಗೆದುಕೊಳ್ಳಿ. ಇದಕ್ಕೆ ಹೆದರುವವರಲ್ಲಿ ಓದಿದವರೂ ಇದ್ದಾರೆ, ನರ್ಸುಗಳೂ ಇದ್ದಾರೆ. ಕಾಯಿ ಪರಂಗಿಯಲ್ಲಿ ಹಾಲಿನಂಥ ಸೊನೆ ಇರುತ್ತದೆ. ಹೆಣ್ಣು ಇಲಿಗಳ ಗರ್ಭಕೋಶದ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಆ ಸೊನೆ ಗರ್ಭಕೋಶವನ್ನು ಬಲವಾಗಿ ಸಂಕುಚಿಸಿತು. ಕಳಿತ ಹಣ್ಣಿನ ರಸ ಹಾಗೆ ಮಾಡಲಿಲ್ಲ. ಇಲಿಯ ಮೇಲಿನ ಪ್ರಯೋಗ ಮನುಷ್ಯರಿಗೆ ಕೊನೆಯ ಮಾತಲ್ಲ, ಆದರೆ ಹಳೆಯ ನಂಬಿಕೆಯಲ್ಲಿ ಯಾವ ಭಾಗ ಸರಿ, ಯಾವ ಭಾಗ ಅತಿ ಎಂಬುದನ್ನು ಅದು ಬೇರೆ ಮಾಡಿ ತೋರಿಸುತ್ತದೆ. ಹಣ್ಣಾಗುತ್ತಾ ಸೊನೆ ಕಡಿಮೆಯಾಗುತ್ತದೆ. ಆದ್ದರಿಂದ ಸಾಲು ಹೀಗಾಗಬೇಕು: "ಪರಂಗಿ ಕಾಯಿ, ಅರೆಹಣ್ಣು ಬೇಡ. ಪೂರ್ತಿ ಹಳದಿಯಾಗಿ ಮೆತ್ತಗಾದ ಹಣ್ಣು ನಾಲ್ಕು ಹೋಳು ತಿಂದರೆ ತೊಂದರೆಯಿಲ್ಲ. ಮನಸ್ಸಿಗೆ ಹೆದರಿಕೆಯಾದರೆ ಬಿಡಿ, ಬದಲಿಗೆ ಸೀಬೆಹಣ್ಣು ತಿನ್ನಿ." ಕೊನೆಯ ವಾಕ್ಯವನ್ನು ಕೆಲವರು ಒಪ್ಪುವುದಿಲ್ಲ, ಮೂಢನಂಬಿಕೆಗೆ ಮಣೆ ಹಾಕಿದಂತಾಯಿತು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪರಂಗಿ ಬಿಟ್ಟರೆ ಹೋಗುವುದೇನೂ ಇಲ್ಲ, ಅದರ ಬದಲಿ ಎಲ್ಲೆಲ್ಲೂ ಸಿಗುತ್ತದೆ. ಹಟ ಹಿಡಿಯಬೇಕಾದದ್ದು ಎಳ್ಳು, ನುಗ್ಗೆಸೊಪ್ಪು, ಹುರುಳಿ, ಮೊಟ್ಟೆಗಳಿಗಾಗಿ. ಇವು ಬಡವರ ಮನೆಯಲ್ಲಿ ಸುಣ್ಣದಂಶ, ಕಬ್ಬಿಣ, ಪ್ರೊಟೀನು ಕೊಡುವ ಪದಾರ್ಥಗಳು. ಉಷ್ಣದ ಹೆಸರಿನಲ್ಲಿ ಇವನ್ನು ಕಿತ್ತುಕೊಂಡರೆ ಆ ಜಾಗ ತುಂಬಲು ಬೇರೆ ಏನೂ ಇರುವುದಿಲ್ಲ. ಕರಪತ್ರದ ಧೈರ್ಯ ಇಲ್ಲಿ ಖರ್ಚಾಗಬೇಕು.

ಕಬ್ಬಿಣದ ವಿಷಯಕ್ಕೆ ಬಂದರೆ ಚಿತ್ರಗಳೇ ದಾರಿ ತಪ್ಪಿಸುತ್ತವೆ. ರಕ್ತ ಹೆಚ್ಚಿಸುವ ಆಹಾರ ಎಂದ ಕೂಡಲೇ ದಾಳಿಂಬೆ, ಬೀಟ್‌ರೂಟು, ಖರ್ಜೂರ ಬರೆದುಬಿಡುತ್ತಾರೆ. ಮೊದಲ ಎರಡು ಅಲ್ಲಿಗೆ ಬಂದಿರುವುದು ಬಣ್ಣದ ಬಲದಿಂದ. ನೂರು ಗ್ರಾಮ್ ದಾಳಿಂಬೆಯಲ್ಲಿ ಅರ್ಧ ಮಿಲಿಗ್ರಾಮಿನಷ್ಟೂ ಕಬ್ಬಿಣವಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಮ್ ಕಬ್ಬಿಣವೂ 500 ಮೈಕ್ರೋಗ್ರಾಮ್ ಫೋಲಿಕ್ ಆಮ್ಲವೂ ಇದೆ. ಹತ್ತು ಕಿಲೋ ದಾಳಿಂಬೆ ತಿಂದರೂ ಆ ಒಂದು ಮಾತ್ರೆಯ ಕಬ್ಬಿಣ ಬಾರದು. ಹೀಗಿದ್ದೂ, ಇರುವ ದುಡ್ಡನ್ನೆಲ್ಲ ದಾಳಿಂಬೆಗೆ ಸುರಿದು ಮಾತ್ರೆಯನ್ನು ಕಪಾಟಿನಲ್ಲಿ ಇಡುವ ಮನೆಗಳಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಅಂದರೆ ನೂರಕ್ಕೆ 52ರಷ್ಟು ಜನರಿಗೆ ರಕ್ತಹೀನತೆ ಇದೆ. ಇಂಥ ಕಡೆ ಚಂದದ ಚಿತ್ರಕ್ಕಾಗಿ ದಾಳಿಂಬೆ ಹಾಕುವುದು ನಿರಪಾಯದ ಅಲಂಕಾರವಲ್ಲ.

ದಂಟಿನಸೊಪ್ಪು, ಹರಿವೆಯಲ್ಲಿ ದಾಳಿಂಬೆಯ ಹತ್ತು ಪಟ್ಟಿಗೂ ಹೆಚ್ಚು ಕಬ್ಬಿಣವಿದೆ, ಹುರುಳಿಯಲ್ಲಿ ಇನ್ನೂ ಹೆಚ್ಚು. ಆದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ನಿಂಬೆ, ನೆಲ್ಲಿಕಾಯಿ, ಸೀಬೆಯಲ್ಲಿರುವ ಸಿ ಜೀವಸತ್ವ ಜೊತೆಗಿದ್ದರೆ ಹತ್ತುತ್ತದೆ. ಕಾಫಿ, ಚಹಾ ಜೊತೆಗಿದ್ದರೆ ತಡೆಯುತ್ತದೆ. ವಿದೇಶದ ಕರಪತ್ರದಲ್ಲಿ ಕಾಫಿಯ ಸಾಲು ಕೆಫೀನಿನ ಬಗ್ಗೆ ಇರುತ್ತದೆ, ದಿನಕ್ಕೆ 200 ಮಿಲಿಗ್ರಾಮ್ ಮೀರಬಾರದು ಎಂದು. ಅದನ್ನು ದಿನಕ್ಕೆ ಎರಡು ಸಣ್ಣ ಲೋಟ ಎಂದು ಇಳಿಸಿದರೆ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ನಮ್ಮ ಮನೆಗಳಲ್ಲಿ ಲೋಟದ ಎಣಿಕೆಯಷ್ಟೇ ಮುಖ್ಯವಾದದ್ದು ಹೊತ್ತು. ತಿಂಡಿ ತಿಂದು ಕೈ ತೊಳೆಯುವಷ್ಟರಲ್ಲಿ ಕಾಫಿ ಬರುವ ರೂಢಿ ನಮ್ಮದು. ಊಟಕ್ಕೂ ಕಾಫಿಗೂ, ಮಾತ್ರೆಗೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಇರಲಿ ಎಂಬ ಒಂದೇ ಮಾತು, ಕಬ್ಬಿಣದ ಮಟ್ಟಿಗೆ, ಇಡೀ ಕೆಫೀನ್ ಲೆಕ್ಕಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ.

ಮಾತ್ರೆಗಳ ಹೊತ್ತನ್ನೂ ಪದಾರ್ಥಗಳ ನಡುವೆಯೇ ಹೇಳಬೇಕು. ನಾಲ್ಕನೆಯ ತಿಂಗಳಿನಿಂದ ಬಸುರಿಗೆ ದಿನಕ್ಕೊಂದು ಕಬ್ಬಿಣದ ಮಾತ್ರೆ, 500 ಮಿಲಿಗ್ರಾಮಿನ ಎರಡು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ, ನಡುವೆ ಎರಡು ಗಂಟೆ ಬೇಕು. "ಕಬ್ಬಿಣ ಮತ್ತು ಕ್ಯಾಲ್ಸಿಯಂ ಪೂರಕಗಳನ್ನು ಪ್ರತ್ಯೇಕವಾಗಿ ಸೇವಿಸುವುದು" ಎಂದು ಬರೆದರೆ ಬೇರೆ ಬೇರೆ ಗುಟುಕಿನಲ್ಲಿ ನುಂಗುತ್ತಾರೆ! ದಿನವನ್ನೇ ಬಿಡಿಸಿ ಹೇಳಬೇಕು. ಬೆಳಗ್ಗೆ ತಿಂಡಿಯ ಜೊತೆ ಬಿಳಿ ಮಾತ್ರೆ. ಮಧ್ಯಾಹ್ನ ಊಟವಾಗಿ ಒಂದು ಗಂಟೆಗೆ ಕೆಂಪು ಮಾತ್ರೆ, ನಿಂಬೆಹಣ್ಣಿನ ಪಾನಕದಲ್ಲಿ. ಕಾಫಿ ಬೇಕಾದರೆ ಸಂಜೆ. ರಾತ್ರಿ ಊಟದ ಜೊತೆ ಇನ್ನೊಂದು ಬಿಳಿ ಮಾತ್ರೆ. ಮಲ ಕಪ್ಪಾಗುತ್ತದೆ, ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಮಗುವಿನ ಮೈಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಕೊನೆಯ ಮಾತು ಯಾವ ಇಂಗ್ಲಿಷ್ ಮೂಲದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆಂದು ಅದನ್ನು ಕಸಕ್ಕೆ ಎಸೆಯುವವರು ಇರುವ ತನಕ ಕನ್ನಡದಲ್ಲಿ ಅದು ಇರಲೇಬೇಕು.

ವೇಳಾಪಟ್ಟಿಯನ್ನು ಅತಿ ಮಾಡುವುದೂ ಸಲ್ಲ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಏರ್ಪಾಡಾಯಿತು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಒಂದು ಲೋಟ ಹಾಲು, ಶೇಂಗಾ ಚಿಕ್ಕಿ, ಜೊತೆಗೆ ಕಬ್ಬಿಣದ ಮಾತ್ರೆ. ಹಾಲಿನಲ್ಲಿ ಸುಣ್ಣದಂಶ ಇರುವುದರಿಂದ ಲೆಕ್ಕದ ಪ್ರಕಾರ ಹಾಲು, ಮಾತ್ರೆ ಒಟ್ಟಿಗೆ ಬರಬಾರದು. ಆದರೆ ಅಂಗನವಾಡಿ ಕಾರ್ಯಕರ್ತೆಯ ಕಣ್ಣೆದುರು ನುಂಗಿದ ಮಾತ್ರೆ ಹೊಟ್ಟೆಗಂತೂ ಹೋಯಿತು. ಮನೆಗೆ ಒಯ್ದು ಸರಿಯಾದ ಹೊತ್ತಿಗೆ ಕಾದು ಮರೆತ ಮಾತ್ರೆ ಯಾರಿಗೂ ಉಪಯೋಗವಿಲ್ಲ. ನುಂಗುವುದು ಮೊದಲು, ಹೊತ್ತು ಆಮೇಲೆ ಎಂಬ ಕ್ರಮವನ್ನು ಕರಪತ್ರ ಮರೆಯಬಾರದು.

ಮೂಲದಲ್ಲಿ ಇಲ್ಲದ ಇನ್ನೊಂದು ಸಾಲು ಬಳಪದ್ದು. ಬಸುರಿಯರು ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಬಯಕೆ ಎಂದು ನಕ್ಕು ಬಿಡುತ್ತಾರೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದವರಲ್ಲಿ ಈ ಚಪಲ ಹೆಚ್ಚು ಕಾಣುತ್ತದೆ. ಮಣ್ಣಿನ ಜೊತೆ ಹುಳದ ಮೊಟ್ಟೆಯೂ ಸೀಸವೂ ಹೊಟ್ಟೆ ಸೇರಬಹುದು. "ಆಹಾರವಲ್ಲದ ವಸ್ತುಗಳನ್ನು ಸೇವಿಸದಿರಿ" ಎಂದು ಬರೆದರೆ ತಿನ್ನುವವಳಿಗೆ ನಾಚಿಕೆಯಾಗಿ ಇನ್ನಷ್ಟು ಬಚ್ಚಿಡುತ್ತಾಳೆ. "ಬಳಪ, ಮಣ್ಣು ತಿನ್ನಬೇಕೆನಿಸುತ್ತಿದೆಯೇ? ರಕ್ತ ಕಡಿಮೆಯಾಗಿರಬಹುದು, ಪರೀಕ್ಷೆ ಮಾಡಿಸಿ" ಎಂದರೆ ಅವಳು ಬಾಯಿ ಬಿಡುತ್ತಾಳೆ.

ಇನ್ನು ಎಲ್ಲ ಕರಪತ್ರಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಸಾಲು: "ಹೆಚ್ಚಿನ ಮಾಹಿತಿಗಾಗಿ ನಿಮ್ಮ ವೈದ್ಯರನ್ನು ಸಂಪರ್ಕಿಸಿ." ಇದು ಬೇಕೇ ಬೇಕು, ಈಗಿರುವ ರೂಪದಲ್ಲಿ ಬೇಡ. ಇದು ಅಡ್ಡಗೋಡೆಯ ಮೇಲಿಟ್ಟ ದೀಪ. ಅಚ್ಚು ಹಾಕಿಸಿದವರ ಜವಾಬ್ದಾರಿ ಕಳೆಯಿತು. ಯಾವಾಗ, ಯಾರ ಬಳಿ, ಏನು ಕೇಳಲು ಹೋಗಬೇಕೆಂಬುದು ಓದುವವಳಿಗೆ ತಿಳಿಯಲಿಲ್ಲ. ಕರಪತ್ರ ತೀರ್ಮಾನಿಸಲಾರದ ವಿಷಯ ಬಂದಾಗಲೆಲ್ಲ ಈ ಸಾಲಿನ ಹಿಂದೆ ಅವಿತುಕೊಳ್ಳುವ ಚಾಳಿಯೂ ಇದೆ: ಪರಂಗಿ ತಿನ್ನಬಹುದೇ, ವೈದ್ಯರನ್ನು ಕೇಳಿ, ಕಾಫಿ ಕುಡಿಯಬಹುದೇ, ವೈದ್ಯರನ್ನು ಕೇಳಿ. ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಸಿಗುವ ವೈದ್ಯರಿಗೆ ಪರಂಗಿಯ ಪ್ರಶ್ನೆ ಉಳಿಸಬಾರದು. ಅದಕ್ಕೆ ಉತ್ತರ ಗೊತ್ತಿದೆ, ಕರಪತ್ರವೇ ಹೇಳಲಿ.

ಕರಪತ್ರ ನಿಜವಾಗಿ ಹೇಳಲಾಗದ್ದು ಏನೆಂದರೆ, ಓದುತ್ತಿರುವವಳ ಮೈಯೊಳಗಿನ ಸ್ಥಿತಿ. ಸಕ್ಕರೆ ಕಾಯಿಲೆ ಇರುವವಳಿಗೆ, ಬಸುರಿನಲ್ಲಿ ಹೊಸದಾಗಿ ಬಂದವಳಿಗೂ, ರಾಗಿ ಮಾಲ್ಟು, ಬೆಲ್ಲ, ಬಾಳೆಹಣ್ಣಿನ ಲೆಕ್ಕವೇ ಬೇರೆ. ಥೈರಾಯಿಡ್ ಮಾತ್ರೆ ತೆಗೆದುಕೊಳ್ಳುವವಳು ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇಡಬೇಕು, ಮೇಲೆ ಹೇಳಿದ ಬೆಳಗಿನ ವೇಳಾಪಟ್ಟಿ ಅವಳಿಗೆ ಹೊಂದುವುದಿಲ್ಲ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಥಲಸ್ಸೀಮಿಯಾ ಇದ್ದವರದೂ ಬೇರೆ ಮಾತು. ಕುರಿಯ ಲಿವರ್ ಕೂಡ 'ಮೊದಲು ಕೇಳಿ' ಗುಂಪಿಗೇ ಸೇರಬೇಕು. ರಕ್ತವಾಗುತ್ತದೆಂದು ಇಲ್ಲಿ ತಿನ್ನಿಸುತ್ತಾರೆ, ಅದರಲ್ಲಿ ಕಬ್ಬಿಣ ಇರುವುದೂ ನಿಜ. ಆದರೆ ಎ ಜೀವಸತ್ವ ಅತಿಯಾಗಿದ್ದು ಮಗುವಿನ ಅಂಗಾಂಗಕ್ಕೆ ತೊಂದರೆಯಾದೀತೆಂದು ಬ್ರಿಟನ್ನಿನಲ್ಲಿ ಬಸುರಿಯರಿಗೆ ಬೇಡವೇ ಬೇಡ ಎನ್ನುತ್ತಾರೆ. ಇಲ್ಲಿ ವೈದ್ಯರ ಕಡೆ ಕೈ ತೋರಿಸುವುದು ನುಣುಚಿಕೊಳ್ಳುವಿಕೆ ಅಲ್ಲ, ಪ್ರಾಮಾಣಿಕತೆ.

ಸೂಚನೆ ಬರೆಯುವಾಗ 'ವೈದ್ಯರು' ಎಂಬುದನ್ನೂ ಬಿಡಿಸಬೇಕು. ಹಳ್ಳಿಯ ಬಸುರಿ ಮೊದಲು ಮಾತಾಡುವುದು ಆಶಾ ಕಾರ್ಯಕರ್ತೆಯ ಹತ್ತಿರ, ಆಮೇಲೆ ಉಪಕೇಂದ್ರದ ಸಿಸ್ಟರ್ ಹತ್ತಿರ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಬಸುರಿಯರನ್ನು ಉಚಿತವಾಗಿ ನೋಡುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಿಂದ ಇದೆ. 104ಕ್ಕೆ ಫೋನ್ ಮಾಡಿದರೆ ಆರೋಗ್ಯ ಸಹಾಯವಾಣಿ ಸಿಗುತ್ತದೆ. ಹಾಗಾದರೆ ಕೊನೆಯ ಚೌಕದಲ್ಲಿ ಹೀಗೆ ಬರೆಯೋಣ:

"ಸಕ್ಕರೆ, ಬಿ.ಪಿ., ಥೈರಾಯಿಡ್ ಇದ್ದರೆ ಈ ಪಟ್ಟಿಯನ್ನು ಹಾಗೇ ಪಾಲಿಸಬೇಡಿ. ತಾಯಿ ಕಾರ್ಡಿನ ಜೊತೆ ಇದನ್ನೂ ಒಯ್ದು ಡಾಕ್ಟರಿಗೆ ತೋರಿಸಿ, ನಿಮಗೆ ಯಾವುದು ಬೇಡವೋ ಅದಕ್ಕೆ ಗೆರೆ ಹೊಡೆಸಿಕೊಳ್ಳಿ. ಕುಡಿದ ನೀರೂ ವಾಂತಿಯಾಗುತ್ತಿದ್ದರೆ, ಕಣ್ಣು ಹಳದಿಯಾದರೆ, ತಲೆನೋವಿನ ಜೊತೆ ಮುಖ ಊದಿಕೊಂಡರೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತಸ್ರಾವವಾದರೆ ತಕ್ಷಣ 108ಕ್ಕೆ ಕರೆ ಮಾಡಿ."

ಸಣ್ಣ ಅಕ್ಷರದಲ್ಲಿ ಅಲ್ಲ, ಪುಟದ ಅತ್ಯಂತ ದೊಡ್ಡ ಅಕ್ಷರದಲ್ಲಿ.

ಅಚ್ಚಿಗೆ ಕೊಡುವ ಮುಂಚೆ ಪರೀಕ್ಷಿಸುವ ಬಗೆಯೂ ಬದಲಾಗಬೇಕು. ಅಂಗನವಾಡಿಗೆ ಬರುವ ಏಳೆಂಟು ಬಸುರಿಯರ ಮುಂದೆ, ಸಾಧ್ಯವಾದರೆ ಅವರ ಅತ್ತೆಯಂದಿರೂ ಇರುವಾಗ, ಕರಡನ್ನು ಓದಿ ಹೇಳಬೇಕು. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಅದು ನಮ್ಮ ಮರ್ಯಾದೆ. "ನಾಳೆ ಬೆಳಗ್ಗೆ ಯಾವ ಮಾತ್ರೆ ತಗೋತೀಯಮ್ಮ? ಮಧ್ಯಾಹ್ನ? ಇವತ್ತು ಅಡುಗೆಗೆ ಏನು ಬದಲಾಯಿಸ್ತೀರಿ?" ಎಂದು ಕೇಳಬೇಕು. ಉತ್ತರ ತಡವರಿಸಿದ ಕಡೆ ತಪ್ಪು ಕೇಳಿದವಳದಲ್ಲ, ಸಾಲಿನದು. ಆಹಾರದ ಕರಪತ್ರಗಳನ್ನು ಅಚ್ಚು ಹಾಕಿಸುವ ಆಸ್ಪತ್ರೆಗಳಿಗೂ ಸಂಸ್ಥೆಗಳಿಗೂ ನನ್ನ ಕೋರಿಕೆ ಇಷ್ಟೇ: ಅನುವಾದಕರ ಪ್ರಶ್ನೆಪಟ್ಟಿಗೆ ಒಬ್ಬ ವೈದ್ಯರಿಂದ ಉತ್ತರ ಬರೆಸಿ, ಕರಡನ್ನು ಒಂದು ಮಧ್ಯಾಹ್ನ ಅಂಗನವಾಡಿಯಲ್ಲಿ ಓದಿಸಿ, ಆಮೇಲೆ ಪ್ರೆಸ್ಸಿಗೆ ಕಳಿಸಿ.